ಐದು ಗಂಟೆಯ ದಿಕ್ಕಿನ ಕೆಂಪು ಗೆರೆ

ನನ್ನ ಗಂಡನ ಎಡಗಣ್ಣಿನ ಫೋಟೋವನ್ನು ನಾನೇ ತಪ್ಪಾಗಿ ಓದಿದೆ. ಅದು ಅವರ ಕಣ್ಣು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸರಿಯಾಗಿ ಓದುತ್ತಿದ್ದೆಯಾ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಹಿಡಿದುಕೊಂಡು ನಾನು ಸುಮಾರು ದಿನ ಊಟ ನಿದ್ದೆ ಕೆಡಿಸಿಕೊಂಡಿದ್ದೇನೆ. ಈಗ ಎಲ್ಲ ನೆಟ್ಟಗಿದೆ. ನಮ್ಮವರು ಪಕ್ಕದ ಕೋಣೆಯಲ್ಲಿ ಟಿವಿ ಮುಂದೆ ಕೂತು ಕ್ರಿಕೆಟ್ ಆಡುವವರಿಗೆಲ್ಲ ಬುದ್ಧಿ ಹೇಳುತ್ತಿದ್ದಾರೆ. ಹಾಗಾಗಿ ಆರಾಮಾಗಿ ಹೇಳಬಹುದು.

ನಾನು ಹಾಸನದ ಕಡೆಯವಳು. ಮದುವೆಯಾಗಿ ದೆಹಲಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು, ಅಂದಿನಿಂದಲೂ ಜನಕಪುರಿಯಲ್ಲೇ. ನಮ್ಮವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ನಾನು ಕಣ್ಣಿನ ಪರೀಕ್ಷೆಯ ಕೋರ್ಸ್ ಮಾಡಿದವಳು. ಮೊದಮೊದಲು ಕನ್ನಡಕದ ನಂಬರು ನೋಡುತ್ತಿದ್ದೆ. ಈಗ ಒಂಬತ್ತು ವರ್ಷಗಳಿಂದ ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಯ ರೀಡಿಂಗ್ ರೂಮಿನಲ್ಲಿ ಕೆಲಸ. ಹೆಸರು ಕೇಳಿ ಅಲ್ಲಿ ಪುಸ್ತಕ ಇರುತ್ತವೆ ಅಂದುಕೊಂಡವರುಂಟು. ನಾವು ಓದುವುದು ಕಣ್ಣಿನ ಒಳಭಿತ್ತಿಯ ಫೋಟೋಗಳನ್ನು. ಸಕ್ಕರೆ ಕಾಯಿಲೆ ಇರುವವರಿಗೆ ಅಲ್ಲಲ್ಲಿ ಕ್ಯಾಂಪ್ ಮಾಡಿ ಕಣ್ಣಿನ ಫೋಟೋ ತೆಗೆಯುತ್ತಾರೆ, ಅವೆಲ್ಲ ನಮ್ಮ ಪರದೆಗೆ ಬಂದು ಬೀಳುತ್ತವೆ. ಸಕ್ಕರೆ ಕಣ್ಣಿಗೆ ಎಷ್ಟು ಹಾನಿ ಮಾಡಿದೆ ಎಂದು ದರ್ಜೆ ಹಾಕುವುದು ಒಂದು ಕೆಲಸ. ಕಣ್ಣಿನ ನರ ಹೇಗಿದೆ ಎಂದು ಅಳೆಯುವುದು ಇನ್ನೊಂದು ಕೆಲಸ.

ಫೋಟೋ ನೋಡದವರಿಗೆ ಹೇಳುತ್ತೇನೆ. ಕಿತ್ತಳೆ ಬಣ್ಣದ ಹಿನ್ನೆಲೆ, ಅದರ ಮೇಲೆ ಕವಲೊಡೆದ ರಕ್ತನಾಳಗಳು. ಸಕ್ಕರೆ ತೊಂದರೆ ಕೊಡಲು ಶುರುಮಾಡಿದಾಗ ನಾಳಗಳ ಗೋಡೆ ಅಲ್ಲಲ್ಲಿ ಉಬ್ಬಿ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು ಕಾಣುತ್ತವೆ. ಬರೀ ಚುಕ್ಕೆಗಳಿದ್ದರೆ ಸೌಮ್ಯ ದರ್ಜೆ. ಅದರ ಜೊತೆ ರಕ್ತ ಸೋರಿದ ಕಲೆಗಳೂ ಇದ್ದರೆ ಮಧ್ಯಮ. ಅದರ ಮುಂದಿನವನ್ನು ಇಲ್ಲಿ ಹೇಳುವುದು ಬೇಡ, ಈ ಕಥೆಯಲ್ಲಿ ಪುಣ್ಯಕ್ಕೆ ಅವು ಬರುವುದಿಲ್ಲ. ಇನ್ನು, ಒಂದು ಕಡೆ ತಿಳಿಹಳದಿ ಬಣ್ಣದ ದುಂಡಗಿನ ಬಿಲ್ಲೆ ಇರುತ್ತದೆ, ಅದಕ್ಕೆ ಡಿಸ್ಕ್ ಅನ್ನುತ್ತೇವೆ. ಕಣ್ಣಿನ ನರ ಮೆದುಳಿನ ಕಡೆಗೆ ಹೊರಡುವ ಜಾಗ ಅದು. ಉದ್ದಿನ ವಡೆಯ ಹಾಗೆ ಸುತ್ತ ಅಂಚು, ನಡುವೆ ಗುಳಿ. ಆ ಗುಳಿಯೇ ಕಪ್. ಗ್ಲಾಕೋಮಾ ಬಂದರೆ ನರದ ಎಳೆಗಳು ಸಾಯುತ್ತಾ ಹೋಗಿ ಅಂಚು ತೆಳುವಾಗುತ್ತದೆ, ಗುಳಿ ಅಗಲವಾಗುತ್ತದೆ. ಇಡೀ ಡಿಸ್ಕಿನ ಎತ್ತರದಲ್ಲಿ ಗುಳಿ ಎಷ್ಟು ಪಾಲು ಎಂದು ನಾವು ಬರೆಯಬೇಕು: ಪಾಯಿಂಟ್ ಮೂರು, ಪಾಯಿಂಟ್ ಐದು, ಹೀಗೆ. ನೋವಿಲ್ಲ, ಉರಿಯಿಲ್ಲ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ.

ನಮ್ಮ ರೂಮಿನಲ್ಲಿ ಒಂದು ಪದ್ಧತಿ. ಪ್ರತಿ ಫೋಟೋವನ್ನೂ ಇಬ್ಬರು ಬೇರೆಬೇರೆಯಾಗಿ ಓದುತ್ತೇವೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೆಸರಿಲ್ಲ, ವಿಳಾಸವಿಲ್ಲ. ಒಂದು ನಂಬರು, ವಯಸ್ಸು, ಗಂಡೋ ಹೆಣ್ಣೋ, ಸಕ್ಕರೆ ಎಷ್ಟು ವರ್ಷದಿಂದ, ಇಷ್ಟೇ. ಇಬ್ಬರ ಓದೂ ಒಂದೇ ಆದರೆ ಮುಗಿಯಿತು. ಬೇರೆ ಆದರೆ ಶುಕ್ರವಾರ ಸಂಜೆ ನಾಲ್ಕಕ್ಕೆ ದೊಡ್ಡ ಡಾಕ್ಟರು ಬಂದು ಕೂತು ತೀರ್ಮಾನ ಮಾಡುತ್ತಾರೆ. ಅದಕ್ಕೆ ನಾವು ಪಂಚಾಯ್ತಿ ಅಂತಲೇ ಹೆಸರಿಟ್ಟಿದ್ದೇವೆ. ಸೋತವರು ಎಲ್ಲರಿಗೂ ಗೇಟಿನ ಹೊರಗಿನ ಭಯ್ಯಾನ ಅಂಗಡಿಯಿಂದ ಸಮೋಸ ತರಬೇಕು. ನಾನು ಸಮೋಸ ತಂದದ್ದು ಅಪರೂಪ. ಇದನ್ನು ಹೇಳಿಕೊಳ್ಳುವಾಗ ನನ್ನ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತಿತ್ತು ಎಂದು ಆಮೇಲೆ ತಿಳಿಯಿತು.

ನನ್ನ ಜೊತೆ ಓದುವವಳು ತುಮಕೂರಿನ ಹುಡುಗಿ. ಇಪ್ಪತ್ತಾರು ವರ್ಷ, ಮುನಿರ್ಕಾದಲ್ಲಿ ಇಬ್ಬರು ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಾಳೆ. ರಂಜಾನ್ ತಿಂಗಳಲ್ಲಿ ಉಪವಾಸ ಇದ್ದುಕೊಂಡೇ ನನಗಿಂತ ಹೆಚ್ಚು ಫೋಟೋ ಓದಿ ನನ್ನ ಹೊಟ್ಟೆ ಉರಿಸುತ್ತಾಳೆ. ಉಳಿದವರ ಮುಂದೆ ನನ್ನನ್ನು ಮೇಡಂ ಅನ್ನುತ್ತಾಳೆ, ಇಬ್ಬರೇ ಇದ್ದಾಗ ಅಕ್ಕಾ. ಅವಳಿಗೆ ಈ ಕೆಲಸ ಕಲಿಸಿದವಳು ನಾನೇ. ನಾವಿಬ್ಬರೂ ಕನ್ನಡದಲ್ಲಿ ಮಾತಾಡುತ್ತಿದ್ದರೆ ರೂಮಿನ ಉಳಿದವರು ಜಗಳವಾಡುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಅರ್ಧ ದಿನ ಅದು ನಿಜವೂ ಹೌದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವಳಿಗೆ ನಗು ತುಟಿಯ ತುದಿಯಲ್ಲಿ.

ನಮ್ಮವರಿಗೆ ಸಕ್ಕರೆ ಬಂದು ಎಂಟು ವರ್ಷ. ಹೆಂಡತಿ ದಿನವಿಡೀ ಸಕ್ಕರೆಯವರ ಕಣ್ಣು ನೋಡುವವಳು, ಗಂಡ ಮಾತ್ರ ಒಂದು ದಿನ ಬಂದು ಕ್ಯಾಮರಾದ ಮುಂದೆ ಗಲ್ಲ ಇಟ್ಟವರಲ್ಲ. ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಈ ತಿಂಗಳು ಪಾರ್ಲಿಮೆಂಟ್ ಪ್ರಶ್ನೆಗಳಿವೆ ಅನ್ನುವರು, ಮುಂದಿನ ತಿಂಗಳು ಆಡಿಟ್ ಅನ್ನುವರು. ನೋಡೋಣ ಬಿಡು ಎಂಬುದು ಅವರ ಖಾಯಂ ಟಿಪ್ಪಣಿ. ನಾನೂ ಒಂದು ಹಂತದಲ್ಲಿ ಏನಾದರೂ ಮಾಡಿಕೊಳ್ಳಲಿ ಎಂದು ಮುಖ ಊದಿಸಿಕೊಂಡು ಬಿಟ್ಟುಬಿಟ್ಟಿದ್ದೆ. ನಡುನಡುವೆ ಅವರ ಡಬ್ಬಿಯಲ್ಲಿ ಅನ್ನ ಕಡಿಮೆ ಮಾಡಿ ಸೇಡು ತೀರಿಸಿಕೊಳ್ಳುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅವರ ಕಚೇರಿಯಲ್ಲೇ ಒಂದು ಸೋಮವಾರ ಕಣ್ಣಿನ ಕ್ಯಾಂಪ್ ಆಯಿತು, ನನಗೆ ಅದು ತಿಳಿದದ್ದು ಆಮೇಲೆ. ಊಟದ ಹೊತ್ತಿನಲ್ಲಿ ಜೊತೆಯವರು ಎಳೆದುಕೊಂಡು ಹೋಗಿ ಇವರನ್ನೂ ಕೂರಿಸಿದರು. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ವಿಪರೀತ ಇತ್ತಂತೆ. ಮನೆಗೆ ಬಂದು ಹೇಳಿದರೆ ನನ್ನ ಭಾಷಣ ಶುರುವಾಗುತ್ತದೆ ಎಂದು ಬಾಯಿಗೆ ಬೀಗ ಹಾಕಿಕೊಂಡರು. ಅವತ್ತು ರಾತ್ರಿ ಮೂರು ಚಪಾತಿ ಬಡಿಸಿದರೆ ಎರಡು ಸಾಕು ಅಂದರು. ನಾನು ನನ್ನ ಮಾತಿಗೆ ಕೊನೆಗೂ ಬೆಲೆ ಬಂತು ಎಂದು ಹಿಗ್ಗಿದೆ.

ಬುಧವಾರ ಆ ಫೋಟೋ ನನ್ನ ಪರದೆಗೆ ಬಂತು. ನಂಬರಿನ ಕೊನೆಯ ಮೂರು ಅಂಕೆ ನಾಲ್ಕು ಒಂದು ಏಳು. ಗಂಡು, ಐವತ್ತೇಳು, ಸಕ್ಕರೆ ಎಂಟು ವರ್ಷ. ಅಂಥ ಗಂಡಸರು ದೆಹಲಿಯಲ್ಲಿ ಬೀದಿಗೆ ನೂರು ಮಂದಿ ಸಿಗುತ್ತಾರೆ. ಬಲಗಣ್ಣಿನಲ್ಲಿ ಎರಡು ಮೂರು ಕೆಂಪು ಚುಕ್ಕೆ, ಡಿಸ್ಕ್ ಚೆನ್ನಾಗಿತ್ತು. ಎಡಗಣ್ಣಿನಲ್ಲಿ ನಾಲ್ಕು ಚುಕ್ಕೆ, ಜೊತೆಗೆ ಡಿಸ್ಕಿನ ಅಂಚಿನಲ್ಲಿ ಒಂದು ಸಣ್ಣ ಕೆಂಪು ಗೆರೆ. ಗಡಿಯಾರದ ಮುಖ ಎಂದುಕೊಂಡರೆ ಐದು ಗಂಟೆಯ ದಿಕ್ಕು. ರಕ್ತ ಸೋರಿದೆ, ಅಂದರೆ ಚುಕ್ಕೆಯ ಜೊತೆ ಕಲೆಯೂ ಇದೆ, ಮಧ್ಯಮ ದರ್ಜೆ ಎಂದು ಒತ್ತಿದೆ. ಡಿಸ್ಕಿನ ನಡುವಿನ ಬಿಳಿಚಿದ ಭಾಗ ಅರ್ಧಕ್ಕಿಂತ ಕಡಿಮೆ ಇತ್ತು. ಪಾಯಿಂಟ್ ನಾಲ್ಕು ಎಂದು ಬರೆದು ಮುಂದಿನ ಫೋಟೋಗೆ ಹೋದೆ. ಒಂದೂವರೆ ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಶುಕ್ರವಾರ ಪಂಚಾಯ್ತಿಯ ಪಟ್ಟಿಯಲ್ಲಿ ನಾಲ್ಕು ಒಂದು ಏಳು ಇತ್ತು. ನನ್ನ ಓದು: ಸಕ್ಕರೆ ಮಧ್ಯಮ, ಡಿಸ್ಕ್ ಸರಿಯಿದೆ. ಇವರಿಗೆ ಹೋಗುವ ಚೀಟಿ ಹೀಗಿರುತ್ತಿತ್ತು: ಸಕ್ಕರೆ ಹತೋಟಿಯಲ್ಲಿಡಿ, ಆರು ತಿಂಗಳೊಳಗೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಹುಡುಗಿಯ ಓದು: ಸಕ್ಕರೆ ಸೌಮ್ಯ, ಎಡಗಣ್ಣಿನ ಡಿಸ್ಕಿನಲ್ಲಿ ಗ್ಲಾಕೋಮಾ ಅನುಮಾನ, ಎರಡು ವಾರದೊಳಗೆ ಕಳಿಸಿ. ನೋಡಿದ್ದೇ ನನಗೆ ಉರಿಯಿತು. ರಕ್ತದ ಕಲೆ ಕಣ್ಣೆದುರಿಗೇ ಇರುವಾಗ ಸಕ್ಕರೆಯ ದರ್ಜೆಯನ್ನು ಇಳಿಸಿದ್ದಾಳೆ, ಏನೂ ಇಲ್ಲದ ಡಿಸ್ಕಿಗೆ ರಂಪ ಮಾಡಿದ್ದಾಳೆ. ಈಗಿನ ಮಕ್ಕಳಿಗೆ ಎಲ್ಲದರಲ್ಲೂ ಗ್ಲಾಕೋಮಾ ಕಾಣುತ್ತದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲೇ ಅಂದೆ. ಸಮೋಸ ಬಿಸಿಯಾಗಿ ತಾ ಎಂದು ಕನ್ನಡದಲ್ಲಿ ಸೇರಿಸಿದೆ.

ಅವಳು ನಗಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು.

ದೊಡ್ಡ ಡಾಕ್ಟರು ಪಂಜಾಬಿನವರು, ವಯಸ್ಸಾದವರು, ದನಿ ಎತ್ತಿ ಮಾತಾಡಿದವರಲ್ಲ. ಮೊದಲು ನನ್ನ ವಾದ ಕೇಳಿದರು. ನಾನು ಕೆಂಪು ಗೆರೆ ತೋರಿಸಿದೆ. ನಮ್ಮಲ್ಲಿ ಈಗ ಕಂಪ್ಯೂಟರೂ ಫೋಟೋ ನೋಡಿ ಸಕ್ಕರೆಯ ಬಗ್ಗೆ ತನ್ನ ಅಭಿಪ್ರಾಯ ಕೊಡುತ್ತದೆ. ಅದೂ ಆ ಗೆರೆಯನ್ನು ಸಕ್ಕರೆಯ ಲೆಕ್ಕಕ್ಕೇ ಹಾಕಿತ್ತು. ಯಂತ್ರವೂ ನನ್ನ ಕಡೆಗೇ ಇದೆ ನೋಡಿ ಅಂದೆ. ಡಾಕ್ಟರು, ಆ ಯಂತ್ರಕ್ಕೆ ಒಂದೇ ಪಾಠ ಕಲಿಸಿದ್ದಾರೆ, ಅದಕ್ಕೆ ಸಕ್ಕರೆ ಬಿಟ್ಟು ಬೇರೆ ಗೊತ್ತಿಲ್ಲ ಅಂದರು. ಆಮೇಲೆ ಹುಡುಗಿಯ ಕಡೆ ತಿರುಗಿದರು.

ಅವಳು ಬೆರಳಿಟ್ಟು ಒಂದೊಂದೇ ತೋರಿಸಿದಳು. ಇಡೀ ಫೋಟೋದಲ್ಲಿ ರಕ್ತ ಸೋರಿದ್ದು ಇದೊಂದೇ ಕಡೆ. ಅದೂ ಸಕ್ಕರೆಯವರಲ್ಲಿ ಸಾಮಾನ್ಯವಾಗಿ ಕಾಣುವ ದುಂಡನೆಯ ಕಲೆಯಲ್ಲ, ನರದ ಎಳೆಯ ಗುಂಟ ಹೋದ ಸೀಳು, ಸರಿಯಾಗಿ ಡಿಸ್ಕಿನ ಅಂಚನ್ನು ದಾಟಿ ಕೂತಿದೆ, ಗ್ಲಾಕೋಮಾದಲ್ಲಿ ನರ ಸವೆಯುವಾಗ ಹೀಗೆ ಸೋರುವುದುಂಟು. ಅಂಚಿನ ಕೆಳಭಾಗ ಎಲ್ಲಕ್ಕಿಂತ ದಪ್ಪಗಿರಬೇಕು, ಇಲ್ಲಿ ಆ ಗೆರೆಯ ಪಕ್ಕದಲ್ಲೇ ಕಚ್ಚಿ ತೆಗೆದ ಹಾಗೆ ತೆಳುವಾಗಿದೆ. ಬಲಗಣ್ಣಿನಲ್ಲಿ ಗುಳಿ ಪಾಯಿಂಟ್ ಮೂರು, ಎಡಗಣ್ಣಿನಲ್ಲಿ ಪಾಯಿಂಟ್ ಆರೂವರೆ. ಒಬ್ಬನೇ ಮನುಷ್ಯನ ಎರಡು ಕಣ್ಣಿಗೆ ಇಷ್ಟು ವ್ಯತ್ಯಾಸ ಇರಬಾರದು.

ಪಾಯಿಂಟ್ ಆರೂವರೆ ಎಲ್ಲಿಂದ ತಂದೆ, ಬಿಳಿ ಭಾಗ ಇಷ್ಟೇ ತಾನೇ ಇರುವುದು ಎಂದು ನಾನು ಬಾಯಿ ಹಾಕಿದೆ. ಆಗ ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ, ಮೆಲ್ಲಗೆ ಹೇಳಿದಳು:

"ಅಕ್ಕಾ, ಬಣ್ಣ ನೋಡಬೇಡ, ರಕ್ತನಾಳ ಎಲ್ಲಿ ಬಗ್ಗುತ್ತೆ ಅಲ್ಲಿ ನೋಡು ಅಂತ ನೀವೇ ಅಲ್ವಾ ನನಗೆ ಹೇಳಿಕೊಟ್ಟಿದ್ದು?"

ನೋಡಿದೆ. ಸಣ್ಣದೊಂದು ನಾಳ ಬಿಳಿ ಭಾಗ ಮುಗಿದ ಮೇಲೂ ನೆಟ್ಟಗೆ ಹೋಗಿ, ಕೆಳಗೆ ಅಂಚಿನ ಹತ್ತಿರ ತಟಕ್ಕನೆ ಬಗ್ಗಿತ್ತು. ಗುಳಿಯ ನಿಜವಾದ ದಡ ಅಲ್ಲಿತ್ತು. ಫೋಟೋ ಚಪ್ಪಟೆ, ಅದರಲ್ಲಿ ಆಳ ಕಾಣುವುದಿಲ್ಲ. ನಾಳದ ಬಾಗನ್ನು ನೋಡಿಯೇ ಎಲ್ಲಿ ಇಳಿಜಾರು ಶುರು ಎಂದು ತಿಳಿಯಬೇಕು. ಒಂಬತ್ತು ವರ್ಷಗಳಿಂದ ಬಂದವರಿಗೆಲ್ಲ ನಾನು ಹೇಳುವ ಮೊದಲ ಪಾಠ ಇದು.

ಆದರೂ ಸೋಲೊಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಆರೂವರೆಯೇ ಇರಲಿ, ಎಷ್ಟೋ ಆರೋಗ್ಯವಂತರಿಗೆ ಏಳು ಇರುತ್ತದೆ ಅಂದೆ. ಅದು ಸುಳ್ಳಲ್ಲ. ಡಿಸ್ಕ್ ದೊಡ್ಡದಿದ್ದರೆ ಗುಳಿಯೂ ದೊಡ್ಡದು, ಹೆದರುವಂಥದ್ದಲ್ಲ. ಡಾಕ್ಟರು ಕನ್ನಡಕ ಹಣೆಗೇರಿಸಿ ಒಂದೇ ಪ್ರಶ್ನೆ ಕೇಳಿದರು.

"ಅಚ್ಛಾ ಮೇಡಂ, ಯೇ ಡಿಸ್ಕ್ ಕಿತನಾ ಬಡಾ ಹೈ?"

ಈ ಡಿಸ್ಕ್ ಎಷ್ಟು ದೊಡ್ಡದಿದೆ? ನಾನು ಅಳೆದೇ ಇರಲಿಲ್ಲ. ಡಿಸ್ಕಿನ ನಡುವಿನಿಂದ ದೃಷ್ಟಿಯ ಕೇಂದ್ರದ ಚುಕ್ಕೆಯವರೆಗೆ ಗೆರೆ ಎಳೆದು, ಆ ದೂರದಲ್ಲಿ ಎಷ್ಟು ಡಿಸ್ಕ್ ಹಿಡಿಯುತ್ತವೆ ಎಂದು ನೋಡಬೇಕು. ಸಾಮಾನ್ಯವಾಗಿ ಎರಡೂವರೆ, ಎರಡೂಮುಕ್ಕಾಲು. ಮೂರು ದಾಟಿದರೆ ಡಿಸ್ಕ್ ಚಿಕ್ಕದು. ಎಲ್ಲರೂ ನೋಡುತ್ತಿರುವಾಗ ಮೌಸ್ ಹಿಡಿದು ಗೆರೆ ಎಳೆದೆ. ಮೂರು ಪಾಯಿಂಟ್ ಮೂರು ಬಂತು. ಚಿಕ್ಕ ಡಿಸ್ಕಿಗೆ ಗುಳಿ ಇರುವುದೇ ಅಪರೂಪ. ಅಲ್ಲಿ ಆರೂವರೆ ಎಂದರೆ ನರದ ಎಳೆಗಳು ಆಗಲೇ ಹೋಗಿವೆ ಎಂದು ಅರ್ಥ.

ಹುಡುಗಿ ಒಂದು ಗುಂಡಿ ಒತ್ತಿ ಫೋಟೋವನ್ನು ಹಸಿರು ಬೆಳಕಿಗೆ ಹಾಕಿದಳು. ಕೆಂಪು ತೆಗೆದುಬಿಟ್ಟರೆ ನರದ ಪದರ ಬೆಳ್ಳಗೆ ಗೀರುಗೀರಾಗಿ ಕಾಣುತ್ತದೆ. ಆ ಬಿಳಿಯ ನಡುವೆ ಐದು ಗಂಟೆಯ ದಿಕ್ಕಿನಿಂದ ಹೊರಟು, ಅಗಲವಾಗುತ್ತ ಹೋಗಿ, ಕೆಳಗೆ ಬಾಗಿದ ಒಂದು ಕಪ್ಪು ಪಟ್ಟಿ. ಅಷ್ಟೂ ಎಳೆ ಇಲ್ಲ. ನಾನು ಬುಧವಾರ ಆ ಗುಂಡಿ ಒತ್ತಿಯೇ ಇರಲಿಲ್ಲ.

ಡಾಕ್ಟರು ಹುಡುಗಿಯ ಓದನ್ನೇ ಎತ್ತಿಹಿಡಿದರು. ನನ್ನನ್ನು ಬೈಯಲಿಲ್ಲ. ಆ ಕೆಂಪು ಗೆರೆ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ, ಆರು ತಿಂಗಳ ನಂತರ ಬಂದಿದ್ದರೆ ಸಾಕ್ಷಿಯೇ ಇರುತ್ತಿರಲಿಲ್ಲ ಎಂದು ಮಾತ್ರ ಹೇಳಿ ಮುಂದಿನ ಫೋಟೋ ಕೇಳಿದರು. ನಾನು ಹೋಗಿ ಸಮೋಸ ತಂದೆ. ಚಟ್ನಿ ಮರೆತು ಬಂದೆ, ಬೇಕೆಂದೇ. ಹುಡುಗಿಯ ಜೊತೆ ಅವತ್ತು ಮತ್ತೆ ಮಾತಾಡಲಿಲ್ಲ. ಕಲಿಸಿದ ಗುರುವಿಗೇ ಅವಳು ಎಲ್ಲರ ಮುಂದೆ ಪಾಠ ಹೇಳಿದಳಲ್ಲ ಎಂಬ ಸಿಟ್ಟು. ಮೆಟ್ರೋದಲ್ಲಿ ಮನೆಯವರೆಗೂ ಅದೇ ಸಿಟ್ಟು. ಮನೆಗೆ ಬಂದು ನಮ್ಮವರಿಗೆ ಎಲ್ಲ ವರದಿ ಒಪ್ಪಿಸಿದೆ. ಯಾರೋ ಒಬ್ಬ ಮನುಷ್ಯನ ಕಣ್ಣಿನಿಂದಾಗಿ ನನ್ನ ಮರ್ಯಾದೆ ಹೋಯಿತು ಅಂದೆ. ಅವರು ಟೀ ಕುಡಿಯುತ್ತ, ಪಾಪ ಅವನಿಗೇನು ಗೊತ್ತು ಬಿಡು ಅಂದರು.

ಮಂಗಳವಾರ ಸಂಜೆ ಅವರು ಕಚೇರಿಯಿಂದ ಬಂದವರೇ ಬೂಟು ಬಿಚ್ಚದೆ ಸೋಫಾದ ತುದಿಯಲ್ಲಿ ಕೂತರು. ಬ್ಯಾಗಿನಿಂದ ಒಂದು ಚೀಟಿ ತೆಗೆದು, ಬೈಬೇಡ ಮೊದಲು ಓದು ಎಂದು ಕೊಟ್ಟರು. ನಮ್ಮ ಆಸ್ಪತ್ರೆಯದೇ ಚೀಟಿ. ಮೇಲೆ ಅವರ ಹೆಸರು, ಅದರ ಕೆಳಗೆ ನಂಬರು. ಕೊನೆಯ ಮೂರು ಅಂಕೆ ನಾಲ್ಕು ಒಂದು ಏಳು.

ಆ ಅಂಕೆಗಳ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದೆ. ಅವರು ನಾನು ಬೈಯಲಿ ಎಂದು ಕಾಯುತ್ತಿದ್ದರು, ನನಗೆ ಬಾಯಿಂದ ಮಾತೇ ಹೊರಡಲಿಲ್ಲ. ಅದನ್ನು ಕಂಡು ಅವರು ನಿಜವಾಗಿಯೂ ಹೆದರಿದರು. ಇಪ್ಪತ್ತೆಂಟು ವರ್ಷದಲ್ಲಿ ನಾನು ಬೈಯದೆ ಬಿಟ್ಟದ್ದು ಅದೇ ಮೊದಲು. ಕುರುಡಾಗ್ತೀನಾ ಎಂದು ಕೇಳಿದರು. ಇಲ್ಲ ರೀ, ಬೇಗ ಸಿಕ್ಕಿದೆ ಎಂದೆ. ಯಾರಿಗೆ ಸಿಕ್ಕಿತು ಎಂದು ಹೇಳುವ ಧೈರ್ಯ ಬರಲಿಲ್ಲ. ಅಡುಗೆಮನೆಗೆ ಹೋಗಿ ಕುಕ್ಕರಿನ ಮುಂದೆ ನಿಂತು ಅತ್ತೆ.

ಮರುದಿನವೇ ರಜೆ ಹಾಕಿಸಿ ಗ್ಲಾಕೋಮಾ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕಣ್ಣಿನ ಒತ್ತಡ ಎರಡೂ ಕಡೆ ಹದಿನೇಳು. ಅದು ಸರಿಯಾದ ಅಳತೆಯೇ. ಬರೀ ಒತ್ತಡ ನೋಡಿ ಕಳಿಸುವವರಾಗಿದ್ದರೆ ನಗುನಗುತ್ತ ಕಳಿಸುತ್ತಿದ್ದರು. ಕೆಲವರಿಗೆ ಒತ್ತಡ ಸರಿಯಿದ್ದೂ ನರ ಸವೆಯುತ್ತದೆ. ಆಮೇಲೆ ನೋಟದ ವಿಸ್ತಾರದ ಪರೀಕ್ಷೆ: ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಮ್ಮವರು ಕಾಣದ ಚುಕ್ಕೆಗೂ ಒತ್ತಿದರು. ಪರೀಕ್ಷೆ ಎಂದ ಮೇಲೆ ಪಾಸಾಗಬೇಕಲ್ಲ. ಇಷ್ಟು ಚೆನ್ನಾಗಿ ನೋಡುವ ಮನುಷ್ಯನೇ ಇಲ್ಲ ಎಂದು ಯಂತ್ರ ಅವರ ಫಲಿತಾಂಶವನ್ನೇ ನಂಬಲಿಲ್ಲ. ಎರಡನೆಯ ಸಲ ನಾನು ಪಕ್ಕದಲ್ಲಿ ನಿಂತು ಗದರಿಸಿದ ಮೇಲೆ ಪ್ರಾಮಾಣಿಕವಾಗಿ ಒತ್ತಿದರು. ಎಡಗಣ್ಣಿನಲ್ಲಿ ಮೇಲ್ಗಡೆ, ಮೂಗಿನ ಕಡೆಗೆ, ಒಂದು ಸಣ್ಣ ತುಣುಕು ಮಸುಕಾಗಿತ್ತು. ನರದ ಕೆಳಭಾಗ ಹೋದರೆ ನೋಟದ ಮೇಲ್ಭಾಗ ಹೋಗುತ್ತದೆ. ಅವರಿಗೆ ಅದರ ಸುಳಿವೇ ಇರಲಿಲ್ಲ, ಎಲ್ಲಾ ಸರಿಯಾಗಿ ಕಾಣ್ತದೆ ಅನ್ನುತ್ತಲೇ ಇದ್ದರು.

ದಿನಕ್ಕೆ ಒಂದು ಹನಿ ಔಷಧಿ, ಬಿಡದೆ, ಬದುಕಿರುವವರೆಗೆ. ಹೋದದ್ದು ಹೋಯಿತು, ಇರುವುದನ್ನು ಕಾಪಾಡಿಕೊಳ್ಳಬಹುದು, ತೀರಾ ಶುರುವಿನಲ್ಲೇ ಸಿಕ್ಕಿದೆ, ನಿಮ್ಮ ಅದೃಷ್ಟ ಎಂದರು ಕ್ಲಿನಿಕ್ಕಿನ ಡಾಕ್ಟರು. ಸಕ್ಕರೆಯ ಚುಕ್ಕೆಗಳಿಗೆ ಸದ್ಯಕ್ಕೆ ಸಕ್ಕರೆ ಇಳಿಸುವುದೇ ಮದ್ದು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ, ಬಿಸಿಲಿಗೆ ಮುಖ ಮಾಡಿ ಕೂತು, ಅವರಿಗೆ ಎಲ್ಲ ಹೇಳಿದೆ. ಯಾರೋ ಒಬ್ಬ ಮನುಷ್ಯ ಎಂದು ನಾನು ಬೈದದ್ದು ನಿಮ್ಮನ್ನೇ, ನಿಮ್ಮ ಕಣ್ಣು ಸರಿಯಿದೆ ಎಂದು ಬರೆದವಳು ನಾನು, ಅಲ್ಲ ಎಂದು ಜಗಳ ಮಾಡಿದವಳು ಆ ಹುಡುಗಿ. ಅವರು ಔಷಧಿಯ ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅಂದರು:

"ಇಪ್ಪತ್ತೆಂಟು ವರ್ಷದಿಂದ ನನ್ನಲ್ಲಿ ಇಲ್ಲದ ತಪ್ಪನ್ನೆಲ್ಲಾ ಹುಡುಕಿದೆಯಲ್ಲೇ ಮಾರಾಯ್ತಿ. ನಿಜವಾಗಿ ಇದ್ದ ಒಂದು ತಪ್ಪು ಮಾತ್ರ ನಿನ್ನ ಕಣ್ಣಿಗೆ ಬೀಳಲಿಲ್ಲ ನೋಡು."

ನನಗೆ ಅಳುವೂ ಬಂತು, ನಗುವೂ ಬಂತು. ಅವರು ನನ್ನ ಕೈ ಹಿಡಿದುಕೊಂಡರು. ಸರ್ಕಾರಿ ನೌಕರ, ಹಾಡುಹಗಲು, ನಾಲ್ಕು ಜನರ ಎದುರಿಗೆ. ನಾನೂ ಬಿಡಿಸಿಕೊಳ್ಳಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅವತ್ತಿನಿಂದ ಒಂದು ಯೋಚನೆ ಹಿಡಿಯಿತು. ಇದು ನನ್ನ ಗಂಡನ ಕಣ್ಣಾದ್ದರಿಂದ ನನ್ನ ಕರುಳು ಚುರ್ ಅಂದಿತು. ಬೇರೆ ಯಾರದೋ ಆಗಿದ್ದರೆ? ಆ ಶುಕ್ರವಾರ ಅದು ಬೇರೆ ಯಾರದೋ ಆಗಿಯೇ ಇತ್ತು, ನಾನು ಚಟ್ನಿ ಮರೆತು ಬಂದೆ. ಗುರುವಾರ ಹೋಗಿ ದೊಡ್ಡ ಡಾಕ್ಟರಿಗೆ ವಿಷಯ ತಿಳಿಸಿ, ಹಿಂದಿನ ಒಂದು ತಿಂಗಳ ನನ್ನ ಓದುಗಳನ್ನು ಮತ್ತೊಮ್ಮೆ ನೋಡಲು ಅನುಮತಿ ಕೇಳಿದೆ. ಕೊಟ್ಟರು. ಊಟದ ಹೊತ್ತಿನಲ್ಲಿ, ಸಂಜೆ ಎಲ್ಲರೂ ಹೊರಟ ಮೇಲೆ ಅರ್ಧ ಗಂಟೆ, ಹೀಗೆ ಕೂತೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪ್ರತಿ ಡಿಸ್ಕಿಗೂ ಗೆರೆ ಎಳೆದೆ, ಪ್ರತಿ ನಾಳದ ಬಾಗನ್ನೂ ಹುಡುಕಿದೆ, ಹಸಿರು ಗುಂಡಿ ಒತ್ತಿದೆ. ತೀರ್ಮಾನವಾಗಿದ್ದ ನಾಲ್ಕು ಒಂದು ಏಳನ್ನು ಮಾತ್ರ ಮತ್ತೆ ತೆರೆಯಲಿಲ್ಲ. ಎರಡನೆಯ ದಿನ ಹುಡುಗಿ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಏನು ಎತ್ತ ಎಂದು ಕೇಳಲಿಲ್ಲ.

ಅವಳಿಗೆ ಆಗ ಹೇಳಿದೆ, ನಾಲ್ಕು ಒಂದು ಏಳು ಯಾರೆಂದು. ಅವಳ ಕಣ್ಣು ತುಂಬಿಕೊಂಡಿತು. ಅಣ್ಣನಾ ಅಕ್ಕಾ ಎಂದಳು. ನಮ್ಮ ಮನೆಗೆ ಎಷ್ಟೋ ಸಲ ಬಂದು ನಮ್ಮವರ ಕೈಯ ಚಿತ್ರಾನ್ನ ತಿಂದು ಹೋದವಳು. ಅಣ್ಣನದು ಅಂತ ಗೊತ್ತಿದ್ದರೆ ಹೆದರಿ ಏನೇನೋ ಬರೆದುಬಿಡುತ್ತಿದ್ದೆ ಅಂದಳು. ನಾನು ಕ್ಷಮಿಸು ಎಂದೆ. ಆ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವಂಥದ್ದಲ್ಲ. ಅವಳು ಚಲೋ ಅಕ್ಕಾ, ಮುಂದಿನ ಫೋಟೋ ಹಾಕಿ ಎಂದು ತಲೆ ತಗ್ಗಿಸಿದಳು.

ಆ ಒಂದು ತಿಂಗಳ ರಾಶಿಯಲ್ಲಿ ಇನ್ನೊಂದು ಚಿಕ್ಕ ಡಿಸ್ಕ್ ಸಿಕ್ಕಿತು. ಹೆಂಗಸು, ಅರವತ್ತೊಂದು. ಅಲ್ಲೂ ನಾನು ಬಣ್ಣ ನೋಡಿ ಪಾಯಿಂಟ್ ನಾಲ್ಕು ಎಂದಿದ್ದೆ. ಓದುವ ಜೋಡಿಗಳು ಆಗಾಗ ಬದಲಾಗುತ್ತವೆ, ಅವತ್ತು ಎರಡನೆಯ ಓದು ರೂಮಿನ ಇನ್ನೊಬ್ಬರದು, ಅವರೂ ನಾಲ್ಕೇ ಎಂದಿದ್ದರು. ಇಬ್ಬರೂ ಒಪ್ಪಿದ್ದರಿಂದ ಪಂಚಾಯ್ತಿಗೇ ಬಂದಿರಲಿಲ್ಲ. ಈಗ ಅಳೆದರೆ ಆರು. ಡಾಕ್ಟರು ನೋಡಿ ಫೋನ್ ಮಾಡಿಸಿ ಕರೆಸಿದರು. ಅವರಿಗೂ ಹನಿ ಶುರುವಾಗಿದೆ. ಅವರು ಯಾರು ಎಂದು ನನಗೆ ಗೊತ್ತಿಲ್ಲ, ನಂಬರು ಮಾತ್ರ ಬಾಯಿಪಾಠ ಇದೆ.

ಈಗ ಮನೆಯಲ್ಲಿ ಹೊಸ ದಿನಚರಿ. ಊಟ ಮುಗಿದ ಮೇಲೆ ನಮ್ಮವರು ಸೋಫಾದ ಮೇಲೆ ತಲೆ ಹಿಂದಕ್ಕೆ ಹಾಕಿ ಬಾಯಿ ತೆರೆದುಕೊಂಡು ಕೂರುತ್ತಾರೆ. ಹನಿ ಬಾಯಿಗಲ್ಲ, ಮುಚ್ಚಿ ಎಂದು ಪ್ರತಿ ದಿನ ಹೇಳುತ್ತೇನೆ. ಒಂದು ಹನಿ ಬಿಟ್ಟು, ಕಣ್ಣು ಮುಚ್ಚಿಸಿ, ಮೂಗಿನ ಬುಡದ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯುತ್ತೇನೆ. ಎರಡು ನಿಮಿಷ. ಅಷ್ಟು ಹೊತ್ತು ಅವರು ಮಾತಾಡುವ ಹಾಗಿಲ್ಲ, ನಾನು ಮಾತಾಡಬಹುದು. ಮದುವೆಯಾದಾಗಿನಿಂದ ಇಷ್ಟು ನೆಮ್ಮದಿಯ ಎರಡು ನಿಮಿಷ ನನಗೆ ಸಿಕ್ಕಿರಲಿಲ್ಲ ಎಂದು ಅವರಿಗೇ ಹೇಳಿದ್ದೇನೆ.

ಆರು ತಿಂಗಳಾದ ಮೇಲೆ ಮತ್ತೆ ಫೋಟೋ ತೆಗೆಸಿದೆವು. ಮನೆಯವರ ಫೋಟೋ ಎಂದು ನಾನೇ ಮೊದಲು ಬರೆದುಕೊಟ್ಟೆ. ಹಾಗೆ ತಿಳಿಸಿದ ಮೇಲೆ ನಾನು ಓದುವಂತಿಲ್ಲ. ಹುಡುಗಿಗೂ ಅದು ಯಾರದೆಂದು ಗೊತ್ತು, ಆದ್ದರಿಂದ ಅವಳಿಗೂ ಕೊಡಲಿಲ್ಲ. ಬೇರೆ ಇಬ್ಬರಿಗೆ ಹೋಯಿತು. ಅವಳು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿ, ತಾನೂ ಪಕ್ಕದಲ್ಲಿ ಗೋಡೆ ನೋಡುತ್ತ ಕೂತಳು. ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಪೋಸ್ಟರ್ ಇತ್ತು. ಅದನ್ನು ನಾನು ಏಳೆಂಟು ಸಲ ಓದಿದೆ.

ಇಬ್ಬರ ಓದೂ ಒಂದೇ ಬಂತು. ಕೆಂಪು ಗೆರೆ ಇಲ್ಲ. ಗುಳಿ ಅಷ್ಟೇ ಇದೆ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಸಕ್ಕರೆಯ ಚುಕ್ಕೆ ನಾಲ್ಕಿದ್ದದ್ದು ಎರಡಾಗಿದೆ. ನೋಟದ ಪರೀಕ್ಷೆಯನ್ನು ಹಿಂದಿನ ವಾರವೇ ಮಾಡಿಸಿದ್ದೆವು, ಅಲ್ಲೂ ಮಸುಕು ಇದ್ದಲ್ಲೇ ಇತ್ತು.

"ಈ ಸಲ ಪಂಚಾಯ್ತಿ ಇಲ್ಲ ಅಕ್ಕಾ," ಅಂದಳು ಹುಡುಗಿ.

ಆದರೂ ಸಮೋಸ ನಾನೇ ತಂದೆ, ಚಟ್ನಿಯನ್ನು ಎರಡು ಪೊಟ್ಟಣ ಹಾಕಿಸಿಕೊಂಡು. ಎಲ್ಲರೂ ತಿನ್ನುತ್ತಿರುವಾಗ ಕೈ ಒರೆಸಿಕೊಂಡು ಹೋಗಿ ಆ ಫೋಟೋವನ್ನು ಪರದೆಗೆ ಹಾಕಿದೆ. ಓದುವುದಕ್ಕಲ್ಲ, ಓದಿ ಆಗಿತ್ತು. ಯಾರದು ಎಂದು ಗೊತ್ತಿದ್ದು ನಾನು ನೋಡಿದ ಮೊದಲ ಕಣ್ಣು ಅದು. ಒಂದು ನಿಮಿಷ ಸುಮ್ಮನೆ ನೋಡಿದೆ. ಇದೇ ಕಣ್ಣಿನಿಂದ ಹಾಸನದ ನಮ್ಮ ಮನೆಯ ಹಜಾರದಲ್ಲಿ ನನ್ನನ್ನು ನೋಡಿ, ನನಗೆ ಒಪ್ಪಿಗೆ ಎಂದಿದ್ದರು. ಆಮೇಲೆ ತಡೆಯಲಾಗದೆ ಮೌಸ್ ಹಿಡಿದು, ಆ ಬುಧವಾರ ಎಳೆಯದೆ ಬಿಟ್ಟಿದ್ದ ಗೆರೆಯನ್ನು ಡಿಸ್ಕಿನ ನಡುವಿನಿಂದ ಎಳೆದು ಅಳೆದೆ. ಮೂರು ಪಾಯಿಂಟ್ ಮೂರು.